ಕರೆಂಟ್ ಹೋದಾಗ ಮಾತ್ರ ತೂಕಡಿಸುವ ಲ್ಯಾನ್ ಅಡಾಪ್ಟರ್: ಒಂದು ಮಳೆಗಾಲದ ಬಳಕೆ

ಈಗಿನ ತೆಳ್ಳಗಿನ ಲ್ಯಾಪ್‌ಟಾಪ್‌ಗಳಲ್ಲಿ ಲ್ಯಾನ್ ಕೇಬಲ್ ಚುಚ್ಚಲು ಜಾಗವೇ ಇರುವುದಿಲ್ಲ. ಅದಕ್ಕೇ ಸಾವಿರ ಚಿಲ್ಲರೆ ರೂಪಾಯಿ ಕೊಟ್ಟು ಯುಎಸ್‌ಬಿ 3.0 ಗಿಗಾಬಿಟ್ ಅಡಾಪ್ಟರ್ ತರಿಸಿದೆ. ಡಬ್ಬಿ ಮೇಲಿನ ಅಂಕಿಗಳನ್ನು ನೀವೇ ಓದಿಕೊಳ್ಳಿ. ನಾನು ಬರೆಯಲು ಕೂತಿದ್ದು ಡಬ್ಬಿ ಮೇಲೆ ಎಲ್ಲೂ ಬರೆಯದ ಒಂದು ಕಾಟದ ಬಗ್ಗೆ.

ನಮ್ಮದು ತೀರ್ಥಹಳ್ಳಿ ಕಡೆಯ ಹಳೆಯ ಹೆಂಚಿನ ಮನೆ. ಫೈಬರ್ ಬಾಕ್ಸ್ ಜಗಲಿಯಲ್ಲಿದೆ, ತಂಗಿ ಓದುವ ಕೋಣೆ ಹಿತ್ತಲ ಕಡೆ. ನಡುವೆ ದಪ್ಪ ದಪ್ಪ ಮಣ್ಣಿನ ಗೋಡೆಗಳು. ಬೇಸಿಗೆಯಲ್ಲಿ ಮನೆ ತಂಪಾಗಿಡುವ ಗೋಡೆಗಳೇ ವೈಫೈ ಸಿಗ್ನಲ್ಲನ್ನೂ ನುಂಗಿಬಿಡುತ್ತವೆ. ಅವಳಿಗೆ ಆಗಾಗ ಕ್ಯಾಮೆರಾ ಎದುರು ಕೂತು ಬರೆಯುವ ಆನ್‌ಲೈನ್ ಪರೀಕ್ಷೆ ಇರುತ್ತದೆ. ಅದಕ್ಕೆ ಭಾರೀ ಸ್ಪೀಡ್ ಏನೂ ಬೇಡ. ಸಂಪರ್ಕ ನಡುನಡುವೆ ಎಡವದಿದ್ದರೆ ಸಾಕು.

ಎಡವುತ್ತಿರುವುದು ಮನೆಯೊಳಗೋ ಹೊರಗೋ ಅಂತ ತಿಳಿಯುವುದು ಸುಲಭ. ಹೊರಗಿನ ಸ್ಪೀಡ್ ಟೆಸ್ಟ್ ಬಿಟ್ಟು, ಮೊದಲು ವಿಂಡೋಸ್‌ನ ಕಮಾಂಡ್ ಪ್ರಾಂಪ್ಟಿನಲ್ಲಿ ನಿಮ್ಮದೇ ಬಾಕ್ಸನ್ನು ಮಾತಾಡಿಸಿ ನೋಡಿ:

```
ping -n 100 192.168.1.1
```

ಕೆಲವು ಬಾಕ್ಸ್‌ಗಳ ವಿಳಾಸ ಬೇರೆ ಇರುತ್ತದೆ. `ipconfig` ಕೊಟ್ಟರೆ `Default Gateway` ಎದುರು ಕಾಣುತ್ತದೆ. ಹಿತ್ತಲ ಕೋಣೆಯಲ್ಲಿ ವೈಫೈ ಮೇಲೆ ಇದನ್ನು ಓಡಿಸಿದಾಗ ಒಮ್ಮೆ 4 ಮಿಲಿಸೆಕೆಂಡ್, ಮರುಕ್ಷಣ ಇನ್ನೂರರ ಮೇಲೆ, ನಡುವೆ ಅಲ್ಲೊಂದು ಇಲ್ಲೊಂದು `Request timed out.` ಬರುತ್ತಿತ್ತು. ಮನೆಯ ಬಾಕ್ಸ್ ಮುಟ್ಟಲಿಕ್ಕೇ ಇಷ್ಟು ಪಾಡಾದರೆ ಕಂಪನಿಯವರಿಗೆ ಫೋನ್ ಮಾಡಿ ಏನು ಪ್ರಯೋಜನ? ಅಟ್ಟದ ಮೇಲಿಂದ ಕೇಬಲ್ ಎಳೆದು ಅಡಾಪ್ಟರ್ ಚುಚ್ಚಿದ ಮೇಲೆ ಉದ್ದಕ್ಕೂ `time<1ms`. ಒಂದೂ ತಪ್ಪಲಿಲ್ಲ. ಡೌನ್‌ಲೋಡ್ ಕೂಡ ನಮ್ಮ 50 ಎಂಬಿಪಿಎಸ್ ಪ್ಲ್ಯಾನ್‌ನ ಪೂರ್ತಿ ವೇಗಕ್ಕೆ ಬಂತು. ಅಂದರೆ 4 ಜಿಬಿ ಫೈಲ್ ಹನ್ನೊಂದು ನಿಮಿಷದ ಆಸುಪಾಸಿನಲ್ಲಿ ಇಳಿಯುತ್ತದೆ.

ಖುಷಿಯಾಗಿಯೇ ಇದ್ದೆವು. ಮಳೆ ಹಿಡಿಯಿತು ನೋಡಿ, ಶುರುವಾಯಿತು ಕಾಟ.

ಮಳೆಗಾಲದಲ್ಲಿ ನಮ್ಮಲ್ಲಿ ಕರೆಂಟ್ ಹೋಗುವುದು ಸುದ್ದಿಯೇ ಅಲ್ಲ. ಅದಕ್ಕಾಗಿ ಬಾಕ್ಸಿಗೆ 12 ವೋಲ್ಟಿನ ಸಣ್ಣ ಯುಪಿಎಸ್ ಕೂರಿಸಿದ್ದೇವೆ. ಲ್ಯಾಪ್‌ಟಾಪಿಗೆ ಬ್ಯಾಟರಿ ಇದ್ದೇ ಇದೆ. ಆದರೂ ಮಾದರಿ ಪರೀಕ್ಷೆ ಬರೆಯುತ್ತಿದ್ದಾಗ ಕರೆಂಟ್ ಹೋಗಿ ಸ್ವಲ್ಪ ಹೊತ್ತಿಗೆ ತಂಗಿ ಒಳಗಿಂದ ಕೂಗಿದಳು, "ಅಣ್ಣಾ, ಹೋಯ್ತು!" ಜಗಲಿಗೆ ಹೋಗಿ ನೋಡಿದರೆ ಬಾಕ್ಸಿನ ದೀಪಗಳೆಲ್ಲ ಉರಿಯುತ್ತಿವೆ. ನನ್ನ ಮೊಬೈಲಿನಲ್ಲಿ ವೈಫೈ ಸರಿಯಾಗಿದೆ. ವಾಪಸ್ ಬರುವಷ್ಟರಲ್ಲಿ ಲ್ಯಾಪ್‌ಟಾಪಿನಲ್ಲೂ ಬಂದಿತ್ತು. ಪರೀಕ್ಷೆಯ ಕಿಟಕಿ ಮಾತ್ರ ಸಂಪರ್ಕ ಕಡಿದಿದೆ ಅಂತ ಹಟ ಹಿಡಿದು ಕೂತಿತ್ತು.

ಕೇಬಲ್ಲಿನ ತುದಿ ಸಡಿಲವಾಗಿದೆಯಾ, ಅಡಾಪ್ಟರೇ ಕೆಟ್ಟಿದೆಯಾ? ಇದನ್ನು ಕಣ್ಣು, ಕಿವಿಯಲ್ಲೇ ಪತ್ತೆ ಮಾಡಬಹುದು. `ncpa.cpl` ತೆರೆದಿಟ್ಟುಕೊಳ್ಳಿ. ಕೇಬಲ್ ಬಿಟ್ಟುಕೊಂಡರೆ ಅಡಾಪ್ಟರಿನ ಹೆಸರು ಅಲ್ಲೇ ಇದ್ದು ಕೆಳಗೆ `Network cable unplugged` ಅಂತ ಬರುತ್ತದೆ. ಅಡಾಪ್ಟರ್ ಮತ್ತು ಲ್ಯಾಪ್‌ಟಾಪ್ ನಡುವೆಯೇ ಕಡಿದರೆ ಹೆಸರೇ ಮಾಯ. ಜೊತೆಗೆ ಪೆನ್‌ಡ್ರೈವ್ ಕಿತ್ತಾಗ ಬರುವ ಸದ್ದು ಬರುತ್ತದೆ, ಅಡಾಪ್ಟರಿನ ದೀಪವೂ ಆರುತ್ತದೆ. ನಮ್ಮದು ಎರಡನೆಯದು.

ಇನ್ನೂ ಒಂದು ಸುಳಿವಿತ್ತು. ದೊಡ್ಡ ಫೈಲ್ ಇಳಿಯುತ್ತಿರುವಾಗ ಇದು ಒಮ್ಮೆಯೂ ಆಗಲಿಲ್ಲ. ಚಾರ್ಜರ್‌ಗೆ ಕರೆಂಟ್ ಬರುತ್ತಿದ್ದಾಗಲೂ ಆಗಲಿಲ್ಲ. ಬ್ಯಾಟರಿ ಮೇಲೆ ಓಡುತ್ತಿರಬೇಕು, ನೆಟ್ ಸುಮ್ನೆ ಇರಬೇಕು, ಆಗಲೇ ಆಗುತ್ತಿತ್ತು. ಅವಳ ಪರೀಕ್ಷೆ ವಿಡಿಯೋವನ್ನು ಬಿಡದೆ ಕಳಿಸುವುದಿಲ್ಲ, ಆಗೊಮ್ಮೆ ಈಗೊಮ್ಮೆ ಫೋಟೋ ಕಳಿಸುತ್ತದೆ. ನಡುವಿನ ಆ ಬಿಡುವಿನಲ್ಲಿ ವಿಂಡೋಸ್ "ಇದಕ್ಕೇನೂ ಕೆಲಸವಿಲ್ಲ" ಅಂದುಕೊಂಡು ಬ್ಯಾಟರಿ ಉಳಿಸಲು ಯುಎಸ್‌ಬಿ ಸಾಧನವನ್ನು ಮಲಗಿಸುತ್ತದೆ. ಒಳ್ಳೆಯ ಅಡಾಪ್ಟರ್ ಆದರೆ ಕರೆದ ತಕ್ಷಣ ಏಳುತ್ತದೆ. ನಮ್ಮ ಮಹಾರಾಯ ಏಳುವಾಗ ತಡವರಿಸಿ, ಹೊಸದಾಗಿ ಚುಚ್ಚಿದವನ ಹಾಗೆ ಮೊದಲಿಂದ ಪರಿಚಯ ಹೇಳಿಕೊಳ್ಳುತ್ತಿದ್ದ. ಅಷ್ಟರಲ್ಲಿ ಪರೀಕ್ಷೆಯ ಸಂಪರ್ಕ ಕಡಿದಿರುತ್ತಿತ್ತು. ಮಾರಿದವರಿಗೆ ಬರೆದರೆ "ಡ್ರೈವರ್ ಮತ್ತೆ ಹಾಕಿ" ಎಂಬ ಒಂದೇ ಉತ್ತರ. ಹಾಕಿದೆ, ಏನೂ ಬದಲಾಗಲಿಲ್ಲ.

ಪರಿಹಾರ ಎರಡು ಕಡೆ ಇತ್ತು. `devmgmt.msc` ತೆರೆದು, `Network adapters` ಕೆಳಗೆ ಈ ಅಡಾಪ್ಟರಿನ ಮೇಲೆ ಡಬಲ್ ಕ್ಲಿಕ್ ಮಾಡಿ, `Power Management` ಪುಟದಲ್ಲಿ `Allow the computer to turn off this device to save power` ಎದುರಿನ ಟಿಕ್ ತೆಗೆದೆ. ಆಮೇಲೆ ಹಳೆಯ ಕಂಟ್ರೋಲ್ ಪ್ಯಾನೆಲ್‌ನ `Power Options` ಒಳಗೆ, ಸುಧಾರಿತ ಸೆಟ್ಟಿಂಗ್‌ಗಳಲ್ಲಿ `USB selective suspend setting` ಹುಡುಕಿ, `On battery` ಎದುರು `Disabled` ಕೊಟ್ಟೆ. ಅಲ್ಲಿ ಬ್ಯಾಟರಿಗೆ ಒಂದು, ಕರೆಂಟಿಗೆ ಒಂದು ಅಂತ ಬೇರೆ ಬೇರೆ ಸಾಲು ಇರುವುದು ನೋಡಿದಾಗ, ಕರೆಂಟ್ ಹೋದಾಗ ಮಾತ್ರ ಯಾಕೆ ಹೀಗೆ ಅನ್ನುವುದೂ ಬಗೆಹರಿಯಿತು. ಕೆಲವು ಹೊಸ ಲ್ಯಾಪ್‌ಟಾಪ್‌ಗಳಲ್ಲಿ ಈ ಸಾಲು ಕಾಣುವುದಿಲ್ಲ. ಅಂಥವರು ಮೊದಲಿನ ಟಿಕ್ ಒಂದನ್ನೇ ತೆಗೆದು ನೋಡಿ. ಅಡಾಪ್ಟರನ್ನು ಬೇರೆ ಪೋರ್ಟಿಗೆ ಚುಚ್ಚಿದರೆ ಟಿಕ್ ವಾಪಸ್ ಬಂದಿರಬಹುದು, ಅದಕ್ಕೆ ನಾವು ಒಂದೇ ಪೋರ್ಟಿಗೆ ಅಂಟಿಕೊಂಡಿದ್ದೇವೆ.

ಅಲ್ಲಿಂದ ಈಚೆಗೆ ಒಮ್ಮೆಯೂ ಕೈ ಕೊಟ್ಟಿಲ್ಲ. ಬ್ಯಾಟರಿ ಸ್ವಲ್ಪ ಜಾಸ್ತಿ ಖರ್ಚಾಗುತ್ತಿರಬಹುದು, ಗೊತ್ತಾಗುವಷ್ಟಂತೂ ಇಲ್ಲ.

ಈಗ ಪರೀಕ್ಷೆ ದಿನದ ಕ್ರಮವೇ ಬೇರೆ. ತಂಗಿ ತಿಂಡಿ ಮುಗಿಸಿ, ಸಿಲಿಕಾ ಜೆಲ್ ಪೊಟ್ಟಣ ಹಾಕಿಟ್ಟ ಹಳೇ ಬಿಸ್ಕತ್ ಡಬ್ಬಿಯಿಂದ ಅಡಾಪ್ಟರ್ ತೆಗೆಯುತ್ತಾಳೆ. ನಮ್ಮ ಥಂಡಿಗೆ ಕನ್ನಡಕದ ಪೆಟ್ಟಿಗೆಗೂ ಬೂಷ್ಟು ಹಿಡಿಯುತ್ತದೆ, ಇನ್ನು ತಾಮ್ರದ ಕಾಲುಗಳು ಯಾವ ಲೆಕ್ಕ? ಅಡಾಪ್ಟರನ್ನು ಮೊದಲು ಲ್ಯಾಪ್‌ಟಾಪಿಗೆ, ಆಮೇಲೆ ಕೇಬಲ್ಲನ್ನು ಟಿಕ್ ಅನ್ನುವವರೆಗೆ. ಎರಡು ದೀಪ ಹತ್ತಿದ ಮೇಲೆ ವೈಫೈ ಕೈಯಾರೆ ಆಫ್. ನಡುವೆ ಒಂದರಿಂದ ಇನ್ನೊಂದಕ್ಕೆ ಹಾರಿದರೂ ಪರೀಕ್ಷೆಯ ಸಂಪರ್ಕ ಕಡಿಯುತ್ತದೆ, ಅದಕ್ಕೆ. ವೈರ್‌ಲೆಸ್ ಮೌಸಿನ ಡಾಂಗಲ್ ಲ್ಯಾಪ್‌ಟಾಪಿನ ಇನ್ನೊಂದು ಬದಿಗೆ. ಯುಎಸ್‌ಬಿ 3.0 ಕೆಲಸ ಮಾಡುವಾಗ 2.4 ಗಿಗಾಹರ್ಟ್ಸ್ ಸುತ್ತ ಗದ್ದಲ ಎಬ್ಬಿಸುತ್ತದೆ. ಡಾಂಗಲ್ ಪಕ್ಕದಲ್ಲೇ ಇದ್ದರೆ ಡೌನ್‌ಲೋಡ್ ಹೊತ್ತಿನಲ್ಲಿ ಮೌಸ್ ಕುಂಟುತ್ತದೆ.

ಗುಡುಗು ಕೇಳಿದರೆ ಕೇಬಲ್ ಎರಡೂ ಕಡೆಯಿಂದ ಕೀಳುತ್ತೇವೆ. ಫೈಬರ್ ಎಳೆ ಗಾಜು, ಅದರೊಳಗೆ ಸಿಡಿಲಿನ ಕರೆಂಟ್ ಹರಿಯುವುದಿಲ್ಲ. ಆದರೆ ಬಾಕ್ಸಿನ ವಿದ್ಯುತ್ ತಂತಿಯಿಂದ ಬಂದದ್ದು ಈ ತಾಮ್ರದ ಕೇಬಲ್ ಹಿಡಿದು ಲ್ಯಾಪ್‌ಟಾಪ್ ತನಕ ಬರಬಹುದು. ಪರೀಕ್ಷೆ ನಡುವೆ ಗುಡುಗಿದರೆ ಮಾತ್ರ ಅಮ್ಮ ಕೀಳು ಅನ್ನುತ್ತಾಳೆ, ತಂಗಿ ಬೇಡ ಅನ್ನುತ್ತಾಳೆ. ನಾನು ಅಮ್ಮನ ಕಡೆ.

ದುಡ್ಡಿನ ವಿಷಯಕ್ಕೆ ಬಂದರೆ, 100 ಎಂಬಿಪಿಎಸ್ ಒಳಗಿನ ಪ್ಲ್ಯಾನ್ ಇರುವವರಿಗೆ ಗಿಗಾಬಿಟ್ ಬೇಕೇ ಬೇಕು ಅಂತೇನಿಲ್ಲ. 100ರ ಅಗ್ಗದ ಅಡಾಪ್ಟರೂ ಪರೀಕ್ಷೆಗೆ ಧಾರಾಳ ಸಾಕು. ಗಿಗಾಬಿಟ್ ತಂದವರು ಸೆಟ್ಟಿಂಗ್ಸ್‌ನಲ್ಲಿ `Link speed` ನೋಡಿಕೊಳ್ಳಿ. 1000 ಬದಲು 100 ತೋರಿಸಿದರೆ, ಬಾಕ್ಸಿನ ಪೋರ್ಟೂ ಗಿಗಾಬಿಟ್ ಆಗಿದ್ದ ಪಕ್ಷದಲ್ಲಿ, ಕೇಬಲ್ಲಿನ ಎಂಟು ಎಳೆಯಲ್ಲಿ ಒಂದೆರಡು ತುದಿಯಲ್ಲಿ ಸರಿಯಾಗಿ ಕೂತಿಲ್ಲದಿರಬಹುದು. ಸಾವಿರಕ್ಕೆ ಎಂಟೂ ಬೇಕು, ನೂರಕ್ಕೆ ನಾಲ್ಕು ಸಾಕು.

ನಾಲ್ಕು ಸ್ಟಾರ್ ಕೊಡುತ್ತಿದ್ದೆ. ಮೂರೂವರೆಗೆ ನಿಲ್ಲಿಸಿದ್ದು ಅಡಾಪ್ಟರಿನ ಬಾಲದಿಂದ. ಅದು ಒಂದು ಗೇಣೂ ಇಲ್ಲ, ಲ್ಯಾನ್ ಕೇಬಲ್ಲಿನ ಭಾರವೆಲ್ಲ ಯುಎಸ್‌ಬಿ ಪೋರ್ಟಿನ ಮೇಲೆಯೇ ಬೀಳುತ್ತದೆ. ಸದ್ಯಕ್ಕೆ ಕೇಬಲ್ಲನ್ನು ಮೇಜಿನ ಕಾಲಿಗೆ ಬಾಳೆನಾರಿನಿಂದ ಕಟ್ಟಿದ್ದೇವೆ.