ರಿಟೆನ್ಷನ್ ನಿಯಮ ಅಳಿಸಿದ ಟೀಮ್ಸ್ ಮೆಸೇಜು, ಫೈಲು: ಯಾವುದು ವಾಪಸ್ ಬರುತ್ತದೆ, ಯಾವುದು ಬರುವುದಿಲ್ಲ

ಪೀಣ್ಯದ ಒಂದು ಕಾರ್ಖಾನೆಯ ಕಚೇರಿಯಲ್ಲಿ ಹಲವು ವರ್ಷಗಳಿಂದ ಮೈಕ್ರೋಸಾಫ್ಟ್ ಟೀಮ್ಸ್ ನೋಡಿಕೊಳ್ಳುತ್ತಿದ್ದೇನೆ. ಕಾಲ್ ಹೇಗಿದೆ, ಮೀಟಿಂಗ್ ಹೇಗಿದೆ ಅಂತ ಬರೆದವರು ಜಾಸ್ತಿ ಜನ ಇದ್ದಾರೆ. ನಾನು ಹೇಳುವುದು ಒಂದೇ ವಿಷಯ. ಹಳೆಯದನ್ನು ತಾನಾಗಿಯೇ ಅಳಿಸುವ ರಿಟೆನ್ಷನ್ ನಿಯಮ ಹಾಕಿದ್ದೀರಿ, ಅಳಿದ ಮೇಲೆ ಒಂದು ಮೆಸೇಜು, ಒಂದು ಫೈಲು ಮತ್ತೆ ಬೇಕಾಯಿತು. ಆಗ ಏನಾಗುತ್ತದೆ? ಫೈಲಿನ ವಿಷಯಕ್ಕೆ ಐದರಲ್ಲಿ ನಾಲ್ಕು ಸ್ಟಾರ್ ಕೊಡುತ್ತೇನೆ. ಮೆಸೇಜಿನ ವಿಷಯಕ್ಕೆ ಎರಡೇ.

ಕಾರಣ ಸರಳ. ಫೈಲು ಇದ್ದ ಜಾಗಕ್ಕೇ ವಾಪಸ್ ಬರುತ್ತದೆ. ಮೆಸೇಜು ಚಾಟ್‌ಗೆ ವಾಪಸ್ ಬರುವುದೇ ಇಲ್ಲ. ಅದೃಷ್ಟ ಇದ್ದರೆ ಅದರ ಪ್ರತಿ ಮಾತ್ರ ಅಡ್ಮಿನ್ ಕೈಗೆ ಸಿಗುತ್ತದೆ. ರಿಸ್ಟೋರ್ ಅನ್ನುವ ಬಟನ್ ಹುಡುಕಿ ಸುಸ್ತಾಗಬೇಡಿ, ಮೆಸೇಜಿಗೆ ಅಂಥದ್ದು ಇಲ್ಲ.

ಒಂದು ಉದಾಹರಣೆ ಹೇಳುತ್ತೇನೆ. ನಮ್ಮಲ್ಲಿ ಚಾಟ್‌ಗೂ ಒನ್‌ಡ್ರೈವ್‌ಗೂ ಒಂದು ವರ್ಷದ ನಿಯಮ ಇತ್ತು. 2024ರ ಮಾರ್ಚ್ 14ರಂದು ಪರ್ಚೇಸ್ ವಿಭಾಗದ ಮೇಡಂ ಫೋನ್ ಮಾಡಿದರು. "ಸರ್, ಹೋದ ವರ್ಷ ಸ್ಟೀಲ್ ರೇಟ್ ಒಪ್ಪಿದ್ದು ಚಾಟ್‌ನಲ್ಲಿತ್ತು, ಈಗ ಕಾಣ್ತಾ ಇಲ್ಲ. ಕೊಟೇಶನ್ ಎಕ್ಸೆಲ್ ಶೀಟೂ ಇಲ್ಲ." ಮೆಸೇಜಿನ ತಾರೀಖು ಕೇಳಿದೆ, 2023ರ ಮಾರ್ಚ್ 10. ಅಂದರೆ ವರ್ಷ ತುಂಬಿ ನಾಲ್ಕೇ ದಿನ. ಆಸೆ ಇಟ್ಟುಕೊಳ್ಳಬಹುದಿತ್ತು.

ಯಾಕೆ ಅಂದರೆ, ವರ್ಷ ತುಂಬಿದ ಕ್ಷಣಕ್ಕೇ ಮೆಸೇಜು ಸಾಯುವುದಿಲ್ಲ. ಚಾಟ್‌ನ ಪ್ರತಿ ಮೆಸೇಜಿನ ಒಂದು ನಕಲು, ಆ ಚಾಟ್‌ನಲ್ಲಿರುವ ಒಬ್ಬೊಬ್ಬರ ಮೇಲ್‌ಬಾಕ್ಸ್‌ನಲ್ಲೂ ಕಣ್ಣಿಗೆ ಬೀಳದ ಫೋಲ್ಡರಿನಲ್ಲಿ ಇರುತ್ತದೆ. ಅವಧಿ ಮುಗಿದವನ್ನು ಗುಡಿಸುವ ಕೆಲಸ ಹಿಂದೆ ತಾನಾಗಿ ಓಡುತ್ತದೆ, ಒಂದರಿಂದ ಏಳು ದಿನಕ್ಕೊಮ್ಮೆ. ಮೊದಲ ಸುತ್ತಿನಲ್ಲಿ ಮೆಸೇಜನ್ನು SubstrateHolds ಎಂಬ ಫೋಲ್ಡರಿಗೆ ಹಾಕುತ್ತದೆ. ಅಲ್ಲಿ ಕನಿಷ್ಠ ಒಂದು ದಿನ ಇರುತ್ತದೆ. ಆಮೇಲಿನ ಸುತ್ತಿನಲ್ಲಿ ಪೂರ್ತಿ ಅಳಿಸುತ್ತದೆ. ಎಲ್ಲಾ ಸೇರಿ ಹೆಚ್ಚೆಂದರೆ 16 ದಿನ. ಬೇಗ ಗುಡಿಸಿದರೆ ಎರಡು ಮೂರು ದಿನದಲ್ಲೇ ಮುಗಿದುಹೋಗಬಹುದು. ಆದ್ದರಿಂದ 16 ದಿನ ಇದೆಯಲ್ಲ ಅಂತ ಕೂರಬೇಡಿ.

ಆ ಫೋಲ್ಡರಿನಲ್ಲಿ ಏನಾದರೂ ಉಳಿದಿದೆಯಾ ಅಂತ ಎಕ್ಸ್‌ಚೇಂಜ್ ಪವರ್‌ಶೆಲ್‌ನಲ್ಲಿ ನೋಡಬಹುದು:

```
Get-MailboxFolderStatistics purchase@example.com -FolderScope RecoverableItems |
  Format-List Name,ItemsInFolder
```

SubstrateHolds ಮುಂದೆ ಸೊನ್ನೆ ಬಂದರೆ ಆ ಮೇಲ್‌ಬಾಕ್ಸ್‌ನಲ್ಲಿ ಕಾಯುತ್ತಿರುವುದು ಏನೂ ಇಲ್ಲ. ಸಂಖ್ಯೆ ಬಂದರೂ ನಿಮಗೆ ಬೇಕಾದ್ದೇ ಇದೆ ಅಂತಲ್ಲ, ಹುಡುಕುವುದಕ್ಕೆ ಅರ್ಥ ಇದೆ ಅಂತ ಅಷ್ಟೇ.

ಮೊದಲು ಮಾಡಬೇಕಾದ್ದು ಹುಡುಕಾಟ ಅಲ್ಲ, ತಡೆ. ಪರ್ವ್ಯೂನಲ್ಲಿ ಒಂದು ಇ-ಡಿಸ್ಕವರಿ ಕೇಸ್ ತೆರೆದು ಸಂಬಂಧಪಟ್ಟವರ ಮೇಲ್‌ಬಾಕ್ಸ್ ಮೇಲೆ ಹೋಲ್ಡ್ ಹಾಕಿದೆ. ಹೋಲ್ಡ್ ಇರುವವರೆಗೆ SubstrateHolds ನಿಂದ ಪೂರ್ತಿ ಅಳಿಸುವುದು ನಿಲ್ಲುತ್ತದೆ. ಆದರೆ ಹೋಲ್ಡ್ ಜಾರಿಗೆ ಬರಲು 24 ಗಂಟೆವರೆಗೂ ಹಿಡಿಯಬಹುದು. ಹಾಗಾಗಿ ಅದಕ್ಕೆ ಕಾಯದೆ ಅದೇ ಹೊತ್ತಿಗೆ ಹುಡುಕಾಟವನ್ನೂ ಶುರು ಮಾಡಬೇಕು:

```
kind:microsoftteams AND sent>=2023-03-09 AND sent<=2023-03-11
```

ಪದ ಹಾಕಿ ಹುಡುಕುವುದನ್ನು ನಾನು ಬಿಟ್ಟಿದ್ದೇನೆ. ನಮ್ಮ ಜನ ಇಂಗ್ಲಿಷ್ ಅಕ್ಷರದಲ್ಲಿ ಕನ್ನಡ ಬರೆಯುವ ರೀತಿ ನಿಮಗೇ ಗೊತ್ತಲ್ಲ. madi, maadi, maDi, ಒಬ್ಬೊಬ್ಬರದು ಒಂದೊಂದು. ಯಾರ ಮೇಲ್‌ಬಾಕ್ಸ್, ಯಾವ ದಿನ ಅನ್ನುವುದೇ ಗಟ್ಟಿ. ದಿನವನ್ನೂ ಹಿಂದೆ ಮುಂದೆ ಒಂದೊಂದು ಜಾಸ್ತಿ ಇಡಿ. ಹುಡುಕಾಟ ನಡೆಯುವುದು ಯುಟಿಸಿ ಸಮಯದಲ್ಲಿ, ನಾವಿರುವುದು ಅದಕ್ಕಿಂತ ಐದೂವರೆ ಗಂಟೆ ಮುಂದೆ. ರಾತ್ರಿ ಪಾಳಿಯವರು ಬೆಳಗಿನ ಜಾವ ಮೂರಕ್ಕೆ ಕಳಿಸಿದ್ದು ಅಲ್ಲಿ ಹಿಂದಿನ ದಿನದ ಲೆಕ್ಕಕ್ಕೆ ಬರುತ್ತದೆ.

ಮೇಡಂ ಮೇಲ್‌ಬಾಕ್ಸ್‌ನಲ್ಲಿ ಮೆಸೇಜು ಸಿಕ್ಕಿತು. ಎಕ್ಸ್‌ಪೋರ್ಟ್ ಮಾಡಿ, ಆ ಮಾತುಕತೆಯ ಪ್ರತಿಯನ್ನು ಅಕೌಂಟ್ಸ್‌ನವರಿಗೆ ಕಳಿಸಿದೆವು. ವ್ಯವಹಾರಕ್ಕೆ ಅದು ಸಾಕಾಯಿತು. ಆದರೆ ಮೇಡಂ ಚಾಟ್ ತೆರೆದರೆ ಇಂದಿಗೂ ಆ ಜಾಗ ಖಾಲಿ. ಅವರಿಗೆ ಇದನ್ನು ನಂಬಿಸುವುದೇ ಕಷ್ಟವಾಯಿತು: "ಸಿಕ್ಕಿದೆ ಅಂತೀರಾ, ಮತ್ತೆ ಇಲ್ಲಿ ಯಾಕೆ ಕಾಣಲ್ಲ?" ಎರಡೇ ಸ್ಟಾರ್ ಕೊಟ್ಟಿದ್ದು ಇದಕ್ಕೇ. ಬೇರೆ ಕಂಪನಿಗಳ ಬ್ಯಾಕಪ್ ಸಾಫ್ಟ್‌ವೇರ್ ಕೊಂಡರೆ ಬದಲಾಗುತ್ತದಾ ಅಂತ ಕೇಳುತ್ತಾರೆ. ಮೊದಲೇ ಹಾಕಿಕೊಂಡಿದ್ದರೆ 16 ದಿನದ ಗಡುವಿನ ಕಾಟ ತಪ್ಪುತ್ತದೆ. ಒಂದು ಮಾತು ಮಾತ್ರ ಕೊಳ್ಳುವ ಮೊದಲೇ ಕೇಳಿ: ಹಳೆಯ ಚಾಟ್ ಅದೇ ಚಾಟ್‌ಗೆ ಬರುತ್ತದಾ, ಇಲ್ಲ ಒಂದು ಎಚ್‌ಟಿಎಂಎಲ್ ಫೈಲಾಗಿ ಸಿಗುತ್ತದಾ?

ಈಗ ಫೈಲು. ಚಾಟ್‌ನಲ್ಲಿ ಹಾಕಿದ ಫೈಲು ಚಾಟ್‌ನಲ್ಲಿ ಇರುವುದಿಲ್ಲ. ಕಳಿಸಿದವರ ಒನ್‌ಡ್ರೈವ್‌ನಲ್ಲಿ Microsoft Teams Chat Files ಎಂಬ ಫೋಲ್ಡರಿನಲ್ಲಿ ಇರುತ್ತದೆ. ಚಾನೆಲ್‌ನಲ್ಲಿ ಹಾಕಿದ್ದಾದರೆ ಆ ಟೀಮ್‌ನ ಶೇರ್‌ಪಾಯಿಂಟ್ ಸೈಟಿನಲ್ಲಿ. ಹೀಗಾಗಿ ಮೊದಲು ಕೇಳಬೇಕಾದ ಪ್ರಶ್ನೆ "ಯಾರು ಕಳಿಸಿದ್ದು?" ನಮ್ಮ ಎಕ್ಸೆಲ್ ಶೀಟ್ ಹಾಕಿದವರು ಸ್ಟೋರ್ಸ್‌ನ ಒಬ್ಬರು. ಅವರ ಒನ್‌ಡ್ರೈವ್‌ನ ರಿಸೈಕಲ್ ಬಿನ್ ತೆರೆದರೆ ಅಲ್ಲೇ ಇತ್ತು. ರಿಸ್ಟೋರ್ ಒತ್ತಿದರು, ಹಳೆಯ ಜಾಗಕ್ಕೇ ಬಂತು. ಬಿನ್‌ನಲ್ಲಿ ಕಾಣದಿದ್ದರೆ ಕೆಳಗೆ ಎರಡನೇ ಹಂತದ ಬಿನ್‌ನ ಲಿಂಕ್ ಇರುತ್ತದೆ, ಅಲ್ಲೂ ನೋಡಿ. ಎರಡೂ ಸೇರಿ 93 ದಿನ. ಮೆಸೇಜಿನ 16 ದಿನಕ್ಕೆ ಹೋಲಿಸಿದರೆ ಇದು ರಾಜಭೋಗ.

ಖುಷಿಪಟ್ಟು ಅಲ್ಲಿಗೇ ಬಿಟ್ಟರೆ ಮಾತ್ರ ಕೆಟ್ಟಿರಿ. ವಾಪಸ್ ಬಂದ ಫೈಲಿನ ವಯಸ್ಸು ಬದಲಾಗಿಲ್ಲ. ಹುಟ್ಟಿದ ದಿನದಿಂದ ಒಂದು ವರ್ಷ ಅಂತ ನಿಯಮ ಇದ್ದರೆ ಅದಕ್ಕೆ ಈಗಾಗಲೇ ವರ್ಷ ಮೀರಿದೆ, ಮುಂದಿನ ಸುತ್ತಿನಲ್ಲಿ ಮತ್ತೆ ಬಿನ್‌ಗೆ ಹೋಗುತ್ತದೆ. ಮೊನ್ನೆ ತಂದುಕೊಟ್ಟ ಫೈಲು ಮತ್ತೆ ಮಾಯ ಅಂತ ದೂರು ಬಂದರೆ ಸಾಮಾನ್ಯವಾಗಿ ಇದೇ ಕಾರಣ. ಕೊನೆಯ ಬಾರಿ ತಿದ್ದಿದ ದಿನದಿಂದ ಲೆಕ್ಕ ಅಂತಿದ್ದರೆ ಒಮ್ಮೆ ತೆರೆದು ಏನಾದರೂ ತಿದ್ದಿ ಸೇವ್ ಮಾಡಿದರೆ ಅವಧಿ ಹೊಸದಾಗಿ ಶುರುವಾಗುತ್ತದೆ. ಇಲ್ಲವಾದರೆ ಆ ಫೈಲಿಗೆ ಉಳಿಸಿಕೊಳ್ಳುವ ರಿಟೆನ್ಷನ್ ಲೇಬಲ್ ಹಾಕಬೇಕು. ಅಳಿಸು ಅಂತ ಒಂದು ನಿಯಮ, ಉಳಿಸು ಅಂತ ಇನ್ನೊಂದು ಇದ್ದರೆ ಇಲ್ಲಿ ಉಳಿಸುವುದೇ ಗೆಲ್ಲುತ್ತದೆ. ನಾವು ಲೇಬಲ್ ಹಾಕಿದೆವು.

ಫೈಲಿಗೆ ಒಂದು ಸ್ಟಾರ್ ಕಡಿತ ಯಾಕೆ ಅಂದರೆ ಕೆಲಸ ಬಿಟ್ಟವರ ವಿಷಯದಲ್ಲಿ. ಅವರ ಖಾತೆ ತೆಗೆದ ಮೇಲೆ ಒನ್‌ಡ್ರೈವ್ ಉಳಿಯುವುದು, ನೀವು ಸೆಟ್ಟಿಂಗ್ ಬದಲಿಸದಿದ್ದರೆ, 30 ದಿನ. ಚಾಟ್‌ನಲ್ಲಿ ಹಾಕಿದ ಡ್ರಾಯಿಂಗ್ ಎಲ್ಲಾ ಅದರ ಜೊತೆಗೇ ಹೋಗುತ್ತದೆ. ಚಾಟ್‌ನಲ್ಲಿ ಲಿಂಕ್ ಮಾತ್ರ ಸುಮ್ನೆ ಕೂತಿರುತ್ತದೆ. ಬೇಕಾಗುವ ಫೈಲನ್ನು ಚಾನೆಲ್‌ನಲ್ಲೇ ಹಾಕಿ ಅಂತ ನಮ್ಮವರಿಗೆ ಹೇಳುವುದು ಇದಕ್ಕೇ. ಚಾನೆಲ್‌ನದು ಯಾರೊಬ್ಬರದೂ ಅಲ್ಲ, ಟೀಮ್‌ನದು.

ಸ್ಲ್ಯಾಕ್‌ಗೆ ಹೋದರೆ ಹೇಗೆ ಅನ್ನುವವರಿಗೆ: ಅದರ ಉಚಿತ ಪ್ಲಾನ್‌ನಲ್ಲಿ ಕಾಣುವುದು 90 ದಿನದ ಮೆಸೇಜು. 2024ರ ಆಗಸ್ಟ್ ಕೊನೆಯಿಂದ ಒಂದು ವರ್ಷಕ್ಕಿಂತ ಹಳೆಯದನ್ನು ಪೂರ್ತಿಯಾಗಿ ಅಳಿಸುತ್ತಿದ್ದಾರೆ. ಆಮೇಲೆ ದುಡ್ಡು ಕಟ್ಟಿದರೂ ಅದು ಬರುವುದಿಲ್ಲ.

ಟೀಮ್ಸ್‌ನಲ್ಲಿ ಎಲ್ಲಾ ದಾರಿ ಮುಚ್ಚಿದಾಗಲೂ ನಾನು ಒಂದು ಕೆಲಸ ಮಾಡುತ್ತೇನೆ. ಆ ಮಾತು ಹೊರಗಿನ ಕಂಪನಿಯವರ ಜೊತೆ ನಡೆದದ್ದಾ ಅಂತ ಕೇಳುತ್ತೇನೆ. ಅವರು ತಮ್ಮ ಕಂಪನಿಯ ಖಾತೆಯಿಂದ ಮಾತಾಡಿದ್ದರೆ ಅವರ ನಕಲು ಅವರ ಮೇಲ್‌ಬಾಕ್ಸ್‌ನಲ್ಲಿರುತ್ತದೆ, ಅದನ್ನು ನಮ್ಮ ನಿಯಮ ಮುಟ್ಟುವುದಿಲ್ಲ. ಸ್ಟೀಲ್ ಸಪ್ಲೈಯರ್‌ಗೆ ಒಂದು ಫೋನ್ ಮಾಡಿ ಸ್ಕ್ರೀನ್‌ಶಾಟ್ ತರಿಸಿಕೊಂಡರೆ ಎಷ್ಟೋ ಸಲ ಕೆಲಸ ಆಗುತ್ತದೆ. ರೇಟಿನ ಜಗಳ ಅವರ ಜೊತೆಗೇ ಅಂತಾದರೆ ಮಾತ್ರ ಅವರನ್ನು ಕೇಳುವ ಹಾಗಿಲ್ಲ!