ಬ್ಯಾಚ್ ಮಿಕ್ಸಿಂಗ್ ಎಸ್‌ಎಫ್‌ಸಿ: ಅಬಾರ್ಟ್ ಎಲ್ಲಿ ಇಡೋದು?

ಮಂಡ್ಯ ಕಡೆಯ ಒಂದು ಸಿರಪ್ ಘಟಕ ಅಂದ್ಕೊಳ್ಳಿ. ನೀರು ತುಂಬು, ಸಕ್ಕರೆ ಹಾಕು, ಕಾಯಿಸಿ ಕಲಸು, ಖಾಲಿ ಮಾಡು. ಪಿಎಲ್‌ಸಿಯಲ್ಲಿ ಇದನ್ನು ಎಸ್‌ಎಫ್‌ಸಿ, ಅಂದರೆ ಸ್ಟೆಪ್‌ಗಳನ್ನೂ ಮುಂದಿನ ಸ್ಟೆಪ್‌ಗೆ ದಾಟಿಸುವ ಟ್ರಾನ್ಸಿಶನ್‌ಗಳನ್ನೂ ಬರೆಯುವ ಚಾರ್ಟ್ ಆಗಿ ಬರೆದರೆ ನಾಲ್ಕೇ ಸ್ಟೆಪ್. ಮಧ್ಯದಲ್ಲಿ ಆಪರೇಟರ್ ಅಬಾರ್ಟ್ ಒತ್ತಿದರೆ?

ಒಂದು ದಾರಿ: ಪ್ರತಿ ಸ್ಟೆಪ್‌ನಿಂದಲೂ ಇನ್ನೊಂದು ಟ್ರಾನ್ಸಿಶನ್ ಎಳೆಯೋದು. ಇಲ್ಲಿ ಪ್ರತಿ ಸ್ಟೆಪ್‌ಗೂ ಬೇರೆ ಬೇರೆ ಮದ್ದು ಕೊಡಬಹುದು. ನೀರು ತುಂಬುವಾಗಾದರೆ ವಾಲ್ವ್ ಮುಚ್ಚಿದರೆ ಸಾಕು. ಕಾಯಿಸುವಾಗ ಸ್ಟೀಮ್ ನಿಲ್ಲಬೇಕು, ಕಲಸುವ ಮೋಟಾರ್ ಮಾತ್ರ ತಿರುಗ್ತಾ ಇರಬೇಕು; ಇಲ್ಲಾಂದ್ರೆ ಕರಗದ ಸಕ್ಕರೆ ತಳ ಹಿಡಿಯುತ್ತದೆ. ಅಬಾರ್ಟ್ ಟ್ರಾನ್ಸಿಶನ್‌ಗೇ ಮೊದಲ ಆದ್ಯತೆ ಕೊಡಿ. ತೊಂದರೆ ಒಂದೇ: ಹೊಸ ಸ್ಟೆಪ್ ಸೇರಿಸಿದವರು ಈ ಕವಲು ಮರೆಯುತ್ತಾರೆ.

ಇನ್ನೊಂದು: ಪ್ರತ್ಯೇಕ ಅಬಾರ್ಟ್ ಚಾರ್ಟ್ ಮುಖ್ಯ ಚಾರ್ಟನ್ನು ಮೊದಲ ಸ್ಟೆಪ್‌ಗೆ ತಳ್ಳೋದು. ಚಿತ್ರ ಚೊಕ್ಕ. ಆದರೆ ಯಾವ ಸ್ಟೆಪ್‌ನಲ್ಲಿದ್ದೆವು ಅನ್ನೋದನ್ನು ಮೊದಲೇ ಬರೆದಿಟ್ಟುಕೊಳ್ಳಬೇಕು. ಮೋಟಾರನ್ನು `S` ಆಕ್ಷನ್‌ನಲ್ಲಿ ಚಾಲೂ ಮಾಡಿದ್ದರೆ, ಸ್ಟೆಪ್ ಮುಗಿದರೂ ಅದು ನಿಲ್ಲಲ್ಲ, `R` ಬೇಕು. ಆ `R` ಖಾಲಿ ಮಾಡುವ ಸ್ಟೆಪ್‌ನಲ್ಲಿ ಮಾತ್ರ ಇದ್ದರೆ ಅಲ್ಲಿಗೆ ಚಾರ್ಟ್ ತಲುಪೋದೇ ಇಲ್ಲ, ಅಲ್ವಾ? ಹಾಗಾಗಿ ಅಬಾರ್ಟ್ ಚಾರ್ಟ್‌ನಲ್ಲೂ ಹಾಕಿ.

ನಾಲ್ಕೈದು ಸ್ಟೆಪ್‌ಗೆ ನನ್ನ ಓಟು ಮೊದಲನೆಯದಕ್ಕೆ. ಹತ್ತು ದಾಟಿದರೆ ಎರಡನೆಯದು. ಎಮರ್ಜೆನ್ಸಿ ಸ್ಟಾಪ್ ಎರಡಕ್ಕೂ ಸೇರಿದ್ದಲ್ಲ. ಅದು ಸೇಫ್ಟಿ ರಿಲೇ ಮೂಲಕ ನೇರವಾಗಿ ಕರೆಂಟ್ ಕಡಿಯಬೇಕು.