ಒಂದು ವಾರ ಊರಿಗೆ ಹೋದರೆ ಟೆರೇಸ್ ಗಿಡಗಳ ಗತಿ: ಬಾಟಲಿ, ಬತ್ತಿ, ನೆರಳು ಮೂರನ್ನೂ ಹೋಲಿಸಿ ನೋಡಿದೆ

ಬೆಂಗಳೂರಿನ ಏಪ್ರಿಲ್ ಬಿಸಿಲಲ್ಲಿ, ಸಿಮೆಂಟ್ ಟೆರೇಸ್ ಮೇಲೆ, 12 ಇಂಚಿನ ಕುಂಡದಲ್ಲಿ ಕಾಯಿ ಬಿಟ್ಟ ಮೆಣಸಿನ ಗಿಡ ನಮ್ಮಲ್ಲಿ ದಿನಕ್ಕೆ ಸುಮಾರು ಒಂದು ಲೀಟರ್ ನೀರು ಕುಡಿಯುತ್ತದೆ. ಟೊಮೆಟೊ ಇನ್ನೂ ಜಾಸ್ತಿ. ಅಂದರೆ ವಾರಕ್ಕೆ ಗಿಡವೊಂದಕ್ಕೆ ಏಳು ಲೀಟರ್. ಈ ಲೆಕ್ಕ ಮೊದಲು ಹಾಕಿಕೊಂಡರೆ ಎರಡು ಲೀಟರ್ ಬಾಟಲಿ ತಲೆಕೆಳಗೆ ಹೂತು ನಿಶ್ಚಿಂತೆಯಿಂದ ಬಸ್ ಹತ್ತುವ ಯೋಚನೆ ಅಲ್ಲಿಗೇ ಮುಗಿಯುತ್ತದೆ, ಅಲ್ವಾ?

ಬಾಟಲಿ ಪೂರ್ತಿ ದಂಡ ಅಂತಲ್ಲ. ಮುಚ್ಚಳಕ್ಕೆ ಬಿಸಿ ಸೂಜಿಯಲ್ಲಿ ಒಂದು ತೂತು ಮಾಡಿ, ಕುಂಡಕ್ಕೆ ಚೆನ್ನಾಗಿ ನೀರು ಕುಡಿಸಿದ ಮೇಲೆ ಬಾಟಲಿಯ ಕುತ್ತಿಗೆಯನ್ನು ಮಣ್ಣಲ್ಲಿ ಹೂಳಬೇಕು. ಒಣ ಮಣ್ಣಲ್ಲಿ ಹೂತರೆ ನೀರೆಲ್ಲ ಬೇಗನೆ ಇಳಿದು ಹೋಗುತ್ತದೆ. ಕೆಂಪು ಮಣ್ಣು ಜಾಸ್ತಿ ಇರುವ ಕುಂಡದಲ್ಲಿ ಎರಡು ಮೂರು ದಿನ ಬಂತು. ಕೋಕೋಪೀಟ್ ಜಾಸ್ತಿ ಇರುವ ಸಡಿಲ ಮಿಶ್ರಣದಲ್ಲಿ ಸಂಜೆಗೇ ಖಾಲಿ, ಯಾಕಂದರೆ ಅಲ್ಲಿ ಗಾಳಿ ಸುಲಭವಾಗಿ ಬಾಟಲಿಯೊಳಗೆ ಹೋಗುತ್ತದೆ, ಗಾಳಿ ಹೋದಷ್ಟೂ ನೀರು ಇಳಿಯುತ್ತದೆ. ಇನ್ನು ಕೆಲವು ಬಾಟಲಿಗಳ ಹೊಟ್ಟೆ ಒಳಗೆ ಸೊಟ್ಟಗಾಗಿ ನಿಂತಿರುತ್ತದೆ. ಹಾಗೆ ಕಂಡರೆ ತೂತು ಕೆಸರಿನಿಂದ ಕಟ್ಟಿಕೊಂಡು ಗಾಳಿ ಒಳಗೆ ಹೋಗುತ್ತಿಲ್ಲ ಅಂತ ಅರ್ಥ, ನೀರು ತುಂಬಿದ್ದರೂ ಗಿಡಕ್ಕೆ ಸಿಗಲ್ಲ. ಮುಚ್ಚಳದ ಮೇಲೆ ತೆಳು ಬಟ್ಟೆ ಸುತ್ತಿದರೆ ಸ್ವಲ್ಪ ಸುಧಾರಿಸುತ್ತದೆ. ಅರ್ಧ ಖಾಲಿಯಾದ ಬಾಟಲಿಯ ಮೇಲೆ ಬಿಸಿಲು ಬಿದ್ದರೆ ಒಳಗಿನ ಗಾಳಿ ಹಿಗ್ಗಿ ನೀರನ್ನು ಹೊರಗೆ ದಬ್ಬುತ್ತದೆ, ಗಿಡಕ್ಕೆ ಬೇಕೋ ಬೇಡವೋ ಅದಕ್ಕೆ ಗೊತ್ತಿಲ್ಲ.

ಬತ್ತಿ ನನಗೆ ಜಾಸ್ತಿ ಹಿಡಿಸಿತು: ಬಟ್ಟೆಯ ಒಂದು ತುದಿ ಪಕ್ಕದ ಪಾತ್ರೆಯ ನೀರಲ್ಲಿ, ಇನ್ನೊಂದು ತುದಿ ಕುಂಡದ ಮಣ್ಣಲ್ಲಿ. ಆದರೆ ಇದರಲ್ಲಿ ಎಲ್ಲವೂ ನಿಂತಿರುವುದು ಎತ್ತರದ ಮೇಲೆ. ನೀರಿನ ಮಟ್ಟ ಕುಂಡದ ಮಣ್ಣಿಗಿಂತ ಮೇಲಿದ್ದರೆ ಬತ್ತಿ ಪೈಪಿನಂತೆ ಸುರಿಸುತ್ತಲೇ ಇರುತ್ತದೆ, ಕುಂಡದ ಕೆಳಗೆ ಒದ್ದೆ ಕಲೆ ಹರಡುವುದು ಕಂಡರೆ ಇದೇ ಕಾರಣ. ತುಂಬಾ ಕೆಳಗಿದ್ದರೆ ಒಂದು ಗೇಣಿನ ಆಚೆಗೆ ಬಟ್ಟೆ ನೀರನ್ನು ಸರಿಯಾಗಿ ಎಳೆಯಲ್ಲ. ಅದಕ್ಕೇ ಉದ್ದನೆಯ ಬಕೆಟ್‌ಗಿಂತ ಅಗಲವಾದ ಟಬ್ ವಾಸಿ: ನೀರು ಖಾಲಿಯಾಗುತ್ತಾ ಹೋದರೂ ಮಟ್ಟ ಅಷ್ಟೊಂದು ಇಳಿಯಲ್ಲ. ಟಬ್ಬನ್ನು ಇಟ್ಟಿಗೆ ಮೇಲಿಟ್ಟು, ನೀರು ಮಣ್ಣಿನ ಮಟ್ಟಕ್ಕಿಂತ ಎರಡು ಬೆರಳು ಕೆಳಗಿರುವಂತೆ ನೋಡಿಕೊಂಡರೆ ಸಾಕು.

ಬತ್ತಿಗೆ ಹಳೆಯ ಹತ್ತಿ ಪಂಚೆಯನ್ನು ಹರಿದು ಜಡೆ ಹಾಕಿದ್ದು ಚೆನ್ನಾಗಿ ಕೆಲಸ ಮಾಡಿತು. ಅಂಗಡಿಯಿಂದ ತಂದ ಹೊಸ ಹತ್ತಿ ಹಗ್ಗ ಸುಮ್ನೆ ನೀರಲ್ಲಿ ತೇಲುತ್ತದೆ, ಬಿಸಿನೀರು ಸೋಪು ಹಾಕಿ ತೊಳೆದರೆ ಮಾತ್ರ ಹೀರುತ್ತದೆ. ನುಣುಪಾದ ನೈಲಾನ್ ಹಗ್ಗ ಬೇಡವೇ ಬೇಡ. ಪರೀಕ್ಷೆ ಸುಲಭ: ತುದಿಯನ್ನು ಅರಿಶಿನದ ನೀರಿಗೆ ಅದ್ದಿ ನೇತು ಹಾಕಿ, ಅರ್ಧ ಗಂಟೆಯಲ್ಲಿ ಒದ್ದೆ ನಾಲ್ಕು ಬೆರಳಾದರೂ ಏರಿರಬೇಕು. ಬತ್ತಿಯ ಎರಡೂ ತುದಿ ಬಿಟ್ಟು ಮಧ್ಯದ ಭಾಗವನ್ನು ಹಳೆಯ ಪೈಪ್ ತುಂಡಿನೊಳಗೆ ತೂರಿಸಿ, ಇಲ್ಲದಿದ್ದರೆ ಅರ್ಧ ನೀರು ದಾರಿಯಲ್ಲೇ ಆವಿಯಾಗುತ್ತದೆ. ಇನ್ನೊಂದು ತುದಿ ಬೇರಿನ ಹತ್ತಿರ ನಾಲ್ಕು ಇಂಚು ಆಳಕ್ಕೆ ಹೋಗಲಿ. ಟಬ್ ಮೇಲೆ ಗಟ್ಟಿಯಾಗಿ ಬಟ್ಟೆ ಕಟ್ಟಿ. ತೆರೆದಿಟ್ಟ ನೀರಲ್ಲಿ ಒಂದು ವಾರ ಹತ್ತು ದಿನಕ್ಕೆಲ್ಲ ಡೆಂಗಿ ಸೊಳ್ಳೆ ತಯಾರಾಗುತ್ತದೆ, ಅದೂ ನಮ್ಮ ಮನೆಯಲ್ಲೇ!

ನೆರಳು ನೀರು ಕೊಡಲ್ಲ, ಆದರೂ ಒಂದನ್ನೇ ಆರಿಸು ಅಂದರೆ ನಾನು ಅದನ್ನೇ ಆರಿಸುತ್ತೇನೆ. ಹಸಿರು 50 ಪರ್ಸೆಂಟ್ ಶೇಡ್ ನೆಟ್ ಕಟ್ಟಿ, ಕುಂಡಗಳನ್ನು ಟ್ಯಾಂಕಿನ ಗೋಡೆ ಪಕ್ಕ ಒತ್ತೊತ್ತಾಗಿ ಇಟ್ಟು, ಮಣ್ಣಿನ ಮೇಲೆ ಎರಡು ಇಂಚು ಒಣ ಎಲೆ ಹರಡಿದಾಗ ಅದೇ ಮೆಣಸಿನ ಗಿಡಕ್ಕೆ ಅರ್ಧ ಲೀಟರ್ ಸಾಕಾಯಿತು. ಈಗ ಲೆಕ್ಕ ವಾರಕ್ಕೆ ಮೂರೂವರೆ ಲೀಟರ್‌ಗೆ ಇಳಿಯಿತು. ಹದಿನೈದು ಲೀಟರ್ ಟಬ್ಬೊಂದು ಮೂರು ಕುಂಡ ಸಾಕಿ, ತಳದಲ್ಲಿ ಎಳೆಯಲಾಗದೆ ಉಳಿಯುವ ನೀರಿಗೂ ಜಾಗ ಬಿಡುತ್ತದೆ. ನೆರಳಿಲ್ಲದೆ ಇದೇ ಟಬ್ ನಾಲ್ಕೈದು ದಿನಕ್ಕೆ ಕೈಕೊಡುತ್ತದೆ. ನೆಟ್ ಗಿಡದ ತಲೆಗೆ ತಾಗದಂತೆ ಒಂದಡಿ ಮೇಲಿರಲಿ, ಪಡುವಣ ಬದಿಗೂ ಇಳಿಬಿಡಿ. ಮಧ್ಯಾಹ್ನ ಮೂರರ ಬಿಸಿಲು ಅಡ್ಡಲಾಗಿ ಬಂದು ಕುಂಡದ ಮೈಯನ್ನೇ ಕಾಯಿಸುತ್ತದೆ.

ಹಾಗಾಗಿ ನಮ್ಮಲ್ಲಿ ಈಗ ನೆರಳು ಎಲ್ಲಕ್ಕೂ, ಬತ್ತಿ ಟೊಮೆಟೊ, ಬದನೆ, ಮೆಣಸಿಗೆ. ಟೊಮೆಟೊಗೆ ಎರಡು ಬತ್ತಿ. ಬಾಟಲಿ ಪುದೀನ, ದೊಡ್ಡಪತ್ರೆಯಂಥ ಸಣ್ಣ ಕುಂಡಗಳಿಗೆ ಮಾತ್ರ. ಹೊರಡುವ ಎರಡು ದಿನ ಮೊದಲೇ ಎಲ್ಲ ಜೋಡಿಸಿ, ಟಬ್ಬಿನ ಒಳಗೆ ಮಾರ್ಕರ್‌ನಲ್ಲಿ ಗೆರೆ ಎಳೆದು, ಮರುದಿನ ಎಷ್ಟು ಇಳಿದಿದೆ ನೋಡಿ. ಇಳಿದೇ ಇಲ್ಲ ಅಂದರೆ ಬತ್ತಿ ಬದಲಿಸಲು ಇನ್ನೂ ಸಮಯ ಇರುತ್ತದೆ.

ಟ್ರೇಯಲ್ಲಿರುವ ಹರಿವೆಗೆ ಇದ್ಯಾವುದೂ ಸರಿಹೋಗಲ್ಲ, ಮಣ್ಣು ತೆಳು. ಹೊರಡುವ ಹಿಂದಿನ ದಿನ ಎರಡು ಇಂಚು ಬಿಟ್ಟು ಕತ್ತರಿಸಿ ಸಾರು ಮಾಡಿ, ಟ್ರೇಯನ್ನು ಪೂರ್ತಿ ನೆರಳಿಗೆ ಎಳೆದಿಡಿ. ಎಲೆ ಇಲ್ಲದ ದಂಟಿಗೆ ನೀರು ಅಷ್ಟಾಗಿ ಬೇಕಿಲ್ಲ, ಬಂದ ಮೇಲೆ ನೀರು ಕೊಟ್ಟರೆ ಬದುಕಿದ ದಂಟುಗಳು ಪಕ್ಕದಿಂದ ಚಿಗುರುತ್ತವೆ.